ಗೆಳೆಯನ ಪೇಚಿನ ಫೋಟೊಗೆ ನಗೆಯ ಉತ್ತರ: ನೋಯಿಸದೆ ಕಾಲೆಳೆಯುವ ಕ್ರಮ

ಗೆಳೆಯ ತಾನು ಪೇಚಿಗೆ ಸಿಕ್ಕಿದ ಫೋಟೊವನ್ನು ತಾನೇ ವಾಟ್ಸ್ಯಾಪ್ ಗುಂಪಿಗೆ ಹಾಕುತ್ತಾನೆ. ಎಲ್ಲರೂ ನಗುತ್ತಾರೆ. ನೀವೂ ಒಂದು ಸಾಲು ಬರೆಯುತ್ತೀರಿ. ಅಲ್ಲಿಯವರೆಗೆ ಹರಟುತ್ತಿದ್ದವನು ಆಮೇಲೆ ಮಾತಾಡುವುದಿಲ್ಲ. ಈ ಅನುಭವವನ್ನು ನನ್ನ ಬಳಿ ಹೇಳಿಕೊಂಡವರು ಹಲವರು, ಅವರು ಬರೆದ ಸಾಲುಗಳನ್ನೂ ತೋರಿಸಿದ್ದಾರೆ. ಅವರಲ್ಲಿ ಕೆಟ್ಟ ಮನಸ್ಸಿನವರು ಒಬ್ಬರೂ ಇರಲಿಲ್ಲ. ಎಡವಿದ್ದು ಮಾತ್ರ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ: ಫೋಟೊದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದನ್ನೇ ಹಿಡಿದು ಬರೆದಿದ್ದರು. ಮೊದಲು ಕಣ್ಣಿಗೆ ಬೀಳುವುದು ಮನುಷ್ಯನ ಮುಖ, ಮೈ, ಬಟ್ಟೆ. ತಮಾಷೆ ತಮಾಷೆಯಾಗಿ ಉಳಿಯದ ಜಾಗವೂ ಅದೇ.

ಉದ್ದಕ್ಕೂ ಒಂದೇ ಫೋಟೊವನ್ನು ಇಟ್ಟುಕೊಂಡು ಹೋಗೋಣ. ಜೋರು ಮಳೆ. ಗೆಳೆಯ ರಸ್ತೆಯಂಚಿನಲ್ಲಿ ನಿಂತಿದ್ದಾನೆ. ಗಾಳಿಗೆ ಕೊಡೆ ಮಗುಚಿ, ಬಟ್ಟಲಿನಂತೆ ಆಕಾಶಕ್ಕೆ ಬಾಯಿ ತೆರೆದಿದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪಟ್ಟಿ ಕಿತ್ತ ಚಪ್ಪಲಿ. ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ, ಇರುವ ನಾಲ್ಕು ಕೂದಲು ಹಣೆಗೆ ಅಂಟಿವೆ, ಒದ್ದೆ ಅಂಗಿ ಹೊಟ್ಟೆಗೆ ಅಂಟಿದೆ. ಕೆಳಗೆ ಅವನೇ ಬರೆದಿದ್ದಾನೆ: “ಕೊಡೆ ಇಂದು ನನ್ನ ಮಾತು ಕೇಳಲಿಲ್ಲ.” ಗುಂಪಿನಲ್ಲಿ ಒಂಬತ್ತು ಜನ. ಏಳು ಮಂದಿ ಹಳೆಯ ಸಹಪಾಠಿಗಳು, ಒಬ್ಬ ಅವನ ಹೆಂಡತಿಯ ತಮ್ಮ, ಒಬ್ಬರು ಅವನ ಕಚೇರಿಯವರು.

## ಕೈಯಲ್ಲಿ ಇರಬೇಕಾದವು

ಹೆಚ್ಚೇನೂ ಬೇಡ. ಫೋಟೊವನ್ನು ಪರದೆಯ ತುಂಬ ತೆರೆದು ನೋಡಿ. ಗುಂಪಿನ ಸದಸ್ಯರ ಪಟ್ಟಿಯನ್ನು ಒಮ್ಮೆ ತೆರೆಯಿರಿ. ಕರಡು ಬರೆಯಲು ಮೊಬೈಲಿನ ಟಿಪ್ಪಣಿ ಆ್ಯಪ್ ಸಾಕು. ಉತ್ತರವನ್ನು ನೇರವಾಗಿ ಗುಂಪಿನ ಪೆಟ್ಟಿಗೆಯಲ್ಲಿ ಬರೆಯಲು ಹೋಗಬೇಡಿ. ಅಲ್ಲಿ ಕಳುಹಿಸುವ ಗುಂಡಿ ಹೆಬ್ಬೆರಳಿನ ಪಕ್ಕದಲ್ಲೇ ಇರುತ್ತದೆ, ಅರ್ಧ ಬರೆದ ಸಾಲು ಹೊರಟೇಹೋಗುತ್ತದೆ. ಅರ್ಧ ತಮಾಷೆಯಲ್ಲಿ ಚುಚ್ಚುವ ಭಾಗ ಮಾತ್ರ ಇರುತ್ತದೆ, ಅದನ್ನು ಮೆತ್ತಗಾಗಿಸುವ ಭಾಗ ಇನ್ನೂ ಬಂದಿರುವುದಿಲ್ಲ.

## ಹಂತ 1: ಫೋಟೊ ಹಾಕಿದವರು ಯಾರು?

ತನ್ನ ಫೋಟೊವನ್ನು ತಾನೇ ಹಾಕಿದವನು ನಗಲು ಬಾಗಿಲು ತೆರೆದಿದ್ದಾನೆ. ಅದೇ ಫೋಟೊವನ್ನು ಬೇರೆ ಯಾರೋ ತೆಗೆದು ಹಾಕಿದ್ದರೆ ಆ ಬಾಗಿಲು ತೆರೆದಿದೆ ಎಂದು ನೀವು ಭಾವಿಸುವಂತಿಲ್ಲ. ಆಗ ಫೋಟೊದಲ್ಲಿರುವವನು ಮೊದಲು ಮಾತಾಡುವವರೆಗೆ ಕಾಯಿರಿ. ಅವನೇ ನಕ್ಕು ಏನಾದರೂ ಬರೆದರೆ ಮುಂದಿನ ಹಂತಕ್ಕೆ ಹೋಗಿ. ಬರೆಯದಿದ್ದರೆ ಅಲ್ಲಿಗೇ ಬಿಡಿ.

ಅವನು ಫೋಟೊದ ಕೆಳಗೆ ಬರೆದ ಸಾಲು ನಿಮಗೆ ಸಿಗುವ ಅತ್ಯಂತ ಸ್ಪಷ್ಟ ಸೂಚನೆ. ನಮ್ಮ ಗೆಳೆಯ ಬರೆದದ್ದು ಕೊಡೆಯ ಬಗ್ಗೆ. ಹೊಟ್ಟೆಯ ಬಗ್ಗೆ ಬರೆದಿಲ್ಲ, ಕೂದಲಿನ ಬಗ್ಗೆಯೂ ಇಲ್ಲ. ತನ್ನ ಪೇಚಿನಲ್ಲಿ ಯಾವ ಭಾಗಕ್ಕೆ ನಗಬಹುದೆಂದು ಅವನೇ ಗೆರೆ ಎಳೆದು ತೋರಿಸಿದ್ದಾನೆ. ಒಂದು ವೇಳೆ ಅವನೇ “ನನ್ನ ಹೊಟ್ಟೆ ನೋಡಿ” ಎಂದು ಬರೆದಿದ್ದರೂ ಆ ವಿಷಯವನ್ನು ಅವನಿಗೇ ಬಿಡುವುದು ಒಳ್ಳೆಯದು. ತನ್ನ ಮೈಯನ್ನು ತಾನೇ ಗೇಲಿ ಮಾಡಿಕೊಳ್ಳುವವನು ಅನೇಕ ಸಲ ಬೇರೆಯವರು ಹೇಳುವ ಮೊದಲು ತಾನೇ ಹೇಳಿ ಮುಗಿಸುತ್ತಿರುತ್ತಾನೆ. ನೀವು ಅದಕ್ಕೆ ದನಿಗೂಡಿಸಿದರೆ ಅವನು ಹೆದರಿದ್ದೇ ನಿಜವಾದಂತೆ.

ಇನ್ನೊಂದು ಸಣ್ಣ ವಿಷಯ. ಬಿದ್ದ, ಜಾರಿದ, ಡಿಕ್ಕಿ ಹೊಡೆದ ಫೋಟೊ ಆಗಿದ್ದರೆ ಮೊದಲ ಸಂದೇಶ “ಪೆಟ್ಟಾಗಲಿಲ್ಲ ತಾನೇ?” ಎಂದಿರಬೇಕು. ಅದಕ್ಕೆ ಉತ್ತರ ಬಂದ ಮೇಲೆಯೇ ತಮಾಷೆ.

## ಹಂತ 2: ಓದುವವರು ಯಾರು?

ಇಬ್ಬರೇ ಮಾತಾಡುವಾಗ ನಡೆಯುವ ಚಟಾಕಿ ಒಂಬತ್ತು ಜನರ ನಡುವೆ ಬೇರೆಯೇ ಆಗುತ್ತದೆ. ಸದಸ್ಯರ ಪಟ್ಟಿ ನೋಡಿ, ಅವನು ಯಾರ ಮುಂದೆ ಗೌರವ ಕಾಪಾಡಿಕೊಳ್ಳಬೇಕೋ ಅವರನ್ನು ಗುರುತಿಸಿ. ನಮ್ಮ ಗುಂಪಿನಲ್ಲಿ ಅದು ಹೆಂಡತಿಯ ತಮ್ಮ ಮತ್ತು ಕಚೇರಿಯವರು. ನೀವು ಬರೆಯುವ ಸಾಲನ್ನು ಆ ಇಬ್ಬರು ಓದುತ್ತಾರೆ, ಅವರು ಓದುತ್ತಿದ್ದಾರೆ ಎಂಬುದೂ ಅವನಿಗೆ ಗೊತ್ತಿರುತ್ತದೆ.

ಹಾಗಾಗಿ ಇಂಥ ಗುಂಪಿನಲ್ಲಿ ಮೂರು ವಿಷಯಗಳು ಹೊರಗಿರಲಿ: ಶಾಲೆಯ ಕಾಲದ ಅಡ್ಡಹೆಸರು, ಹಳೆಯ ಪ್ರೇಮ ಪ್ರಸಂಗ, ಹಣಕಾಸು. “ಹೊಸ ಕೊಡೆ ಕೊಳ್ಳಲೂ ಕಾಸಿಲ್ಲವೇನೋ” ಎಂಬುದು ಏಳು ಸಹಪಾಠಿಗಳಿಗೆ ಮಾಮೂಲಿ ಮಾತು. ಅವನಿಗೆ ಈಗ ಸಂಬಳ ಸರಿಯಾಗಿ ಬರುತ್ತಿಲ್ಲ ಎಂದಿಟ್ಟುಕೊಳ್ಳಿ. ಅದು ನಿಮಗೆ ಗೊತ್ತಿಲ್ಲದಿರಬಹುದು, ಕಚೇರಿಯವರಿಗೆ ಗೊತ್ತಿರುತ್ತದೆ.

ಒಂದು ಸಾಲು ನಿಜವಾಗಿಯೂ ಚೆನ್ನಾಗಿದೆ, ಆದರೆ ಗುಂಪಿಗೆ ಹೆಚ್ಚಾಯಿತು ಅನ್ನಿಸಿದರೆ ಅದನ್ನು ಅವನೊಬ್ಬನಿಗೇ ಕಳಿಸಿ. ತಮಾಷೆ ಹಾಳಾಗುವುದಿಲ್ಲ, ನೋಡುಗರು ಮಾತ್ರ ಇರುವುದಿಲ್ಲ.

## ಹಂತ 3: ಗುರಿ ಆರಿಸುವುದು

ಇಡೀ ಕೆಲಸದಲ್ಲಿ ಇದೇ ಮುಖ್ಯವಾದ ಹಂತ. ಇಲ್ಲಿ ಅವಸರ ಮಾಡಿದವರು ಮುಂದೆ ಎಷ್ಟು ಚೆನ್ನಾಗಿ ಬರೆದರೂ ದಡ ಸೇರುವುದಿಲ್ಲ.

ಫೋಟೊವನ್ನು ಎರಡು ಸಲ ನೋಡಿ. ಮೊದಲ ಸಲ ಕಂಡದ್ದನ್ನೆಲ್ಲ ಪಟ್ಟಿ ಮಾಡಿ: ಮಗುಚಿದ ಕೊಡೆ, ಚಪ್ಪಲಿ, ಮುಚ್ಚಿದ ಕಣ್ಣು, ತೆರೆದ ಬಾಯಿ, ಕೂದಲು, ಹೊಟ್ಟೆ, ಮಳೆ, ನಿಂತ ಭಂಗಿ. ಎರಡನೆಯ ಸಲ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ಇದು ನಾಳೆ ಬೆಳಿಗ್ಗೆಯೂ ಅವನ ಜೊತೆ ಇರುತ್ತದೆಯೇ? ಮಗುಚಿದ ಕೊಡೆ ನಾಳೆ ಇರುವುದಿಲ್ಲ. ಕಿತ್ತ ಚಪ್ಪಲಿಯೂ ಇರುವುದಿಲ್ಲ. ಮುಚ್ಚಿದ ಕಣ್ಣು ಅರೆಗಳಿಗೆಯದು. ಹೊಟ್ಟೆ ಮತ್ತು ಬೋಳಾಗುತ್ತಿರುವ ತಲೆ ನಾಳೆಯೂ ಇರುತ್ತವೆ, ಅವನು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತಾಗ ನಿಮ್ಮ ಸಾಲು ನೆನಪಾಗುತ್ತದೆ. ಆದ್ದರಿಂದ ಅವೆರಡನ್ನು ಪಟ್ಟಿಯಿಂದ ಹೊಡೆದುಹಾಕಿ. ಮೈಬಣ್ಣ, ಎತ್ತರ, ಹಲ್ಲು, ವಯಸ್ಸು, ಕಾಯಿಲೆ, ಮಾತಿನ ತೊಡಕು, ಜಾತಿ, ಧರ್ಮ, ಊರು ಎಲ್ಲವೂ ಇದೇ ಸಾಲಿಗೆ ಸೇರುತ್ತವೆ.

ಉಳಿದದ್ದರಲ್ಲಿ ಯಾವುದನ್ನು ಹಿಡಿಯುವುದು? ವಸ್ತುವನ್ನು ಹಿಡಿಯಿರಿ. ವಸ್ತು ತನ್ನ ಕೆಲಸವನ್ನು ಬಿಟ್ಟು ಬೇರೇನೋ ಮಾಡುತ್ತಿರುವಂತೆ ಕಂಡರೆ ಅಲ್ಲಿ ನಗೆಯಿದೆ. ಮಳೆಯನ್ನು ತಡೆಯಬೇಕಾದ ಕೊಡೆ ಮಳೆಯನ್ನು ತುಂಬಿಕೊಳ್ಳುತ್ತಿದೆ. ಕಾಲಲ್ಲಿ ಇರಬೇಕಾದ ಚಪ್ಪಲಿ ಕೈಯಲ್ಲಿದೆ. ಈ ಎರಡು ಅದಲುಬದಲುಗಳೇ ಸಾಕು. ವಸ್ತುವನ್ನು ನೋಡಿ ನಕ್ಕಾಗ ಗೆಳೆಯನೂ ನಿಮ್ಮ ಪಕ್ಕದಲ್ಲೇ ನಿಂತು ನಗಬಹುದು. ಅವನ ಮೈಯನ್ನು ನೋಡಿ ನಕ್ಕಾಗ ಅವನು ಎದುರಿಗೆ ನಿಲ್ಲಬೇಕಾಗುತ್ತದೆ.

ಹಾಸ್ಯದ ಬಗ್ಗೆ ಅಧ್ಯಯನ ಮಾಡಿದ ಪೀಟರ್ ಮೆಕ್‌ಗ್ರಾ ಮತ್ತು ಕೇಲೆಬ್ ವಾರೆನ್ 2010ರಲ್ಲಿ ಮಂಡಿಸಿದ ವಿವರಣೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಯಾವುದೋ ಒಂದು ಕ್ರಮ ಮುರಿದಿರಬೇಕು, ಆದರೂ ಅದರಿಂದ ಹಾನಿಯಿಲ್ಲ ಎಂದು ಅದೇ ಹೊತ್ತಿಗೆ ತೋರಬೇಕು. ಆಗ ನಗು ಬರುತ್ತದೆ ಎನ್ನುತ್ತಾರೆ ಅವರು. ಮಗುಚಿದ ಕೊಡೆಯಲ್ಲಿ ಎರಡೂ ಇವೆ. ಬೋಳುತಲೆಯ ಮಾತಿನಲ್ಲಿ ಹಾನಿಯಿಲ್ಲ ಎಂದು ನಿಮಗೆ ಮಾತ್ರ ಅನ್ನಿಸುತ್ತದೆ.

## ಹಂತ 4: ಸಾಲು ಕಟ್ಟುವುದು

ಗುರಿ ಸಿಕ್ಕಿತು: ಮಳೆನೀರು ತುಂಬುವ ಕೊಡೆ. ಬಹಳ ಜನ ಮೊದಲ ಸಲ ಬರೆಯುವುದು ಹೀಗೆ:

“ಹಹಹ, ಏನಿದು ನಿನ್ನ ಅವಸ್ಥೆ! ಕೊಡೆ ತಲೆಕೆಳಗಾಗಿದೆ, ನೋಡಿದರೆ ಅದರಲ್ಲಿ ನೀರು ತುಂಬಿಸುತ್ತಿದ್ದೀಯೇನೋ ಅನ್ನಿಸುತ್ತದೆ, ಮಳೆನೀರು ಸಂಗ್ರಹ ಮಾಡುತ್ತಿದ್ದೀಯಾ?”

ಇದರಲ್ಲಿ ದೊಡ್ಡ ತಪ್ಪು ಒಂದು. ಫೋಟೊದಲ್ಲಿ ಎಲ್ಲರಿಗೂ ಕಾಣುತ್ತಿರುವುದನ್ನು ಮತ್ತೆ ಹೇಳಿದೆ. ಕೊಡೆ ತಲೆಕೆಳಗಾಗಿದೆ ಎಂದು ಬರೆಯುವ ಅಗತ್ಯವಿಲ್ಲ, ಚಿತ್ರ ಅದನ್ನು ಆಗಲೇ ಹೇಳಿದೆ. ನೀವು ಹೇಳಬೇಕಾದದ್ದು ಚಿತ್ರದಲ್ಲಿ ಇಲ್ಲದ ಒಂದು ಮಾತು. “ಏನಿದು ನಿನ್ನ ಅವಸ್ಥೆ” ಎಂಬುದನ್ನೂ ತೆಗೆಯಿರಿ. ಅದು ಅವನನ್ನು ಕೀಳುಮಾಡಿ ಶುರುವಾಗುತ್ತದೆ. ಆರಂಭದ “ಹಹಹ” ಕೂಡ ಬೇಡ. ನಗೆಯ ಮಾತಿಗೆ ಮೊದಲು ನೀವೇ ನಕ್ಕರೆ ಓದುವವನಿಗೆ ನಗಲು ಏನೂ ಉಳಿಯುವುದಿಲ್ಲ.

ಎಲ್ಲ ತೆಗೆದ ಮೇಲೆ ಉಳಿಯುವುದು: “ಮಳೆನೀರು ಸಂಗ್ರಹ ಮಾಡುತ್ತಿದ್ದೀಯಾ?” ವಿಷಯ ಸರಿಯಿದೆ, ಜೀವವಿಲ್ಲ. ಬರಿಯ ಪ್ರಶ್ನೆ ಓದುವವನನ್ನು ಕಟಕಟೆಯಲ್ಲಿ ನಿಲ್ಲಿಸುತ್ತದೆ. ಇಲ್ಲಿ ನಮ್ಮ ಭಾಷೆಯೇ ಒಂದು ಉಪಾಯ ಕೊಡುತ್ತದೆ. ಏಕವಚನದಲ್ಲಿ ಮಾತಾಡುವ ಗೆಳೆಯನನ್ನು ಒಂದು ಸಾಲಿನ ಮಟ್ಟಿಗೆ ಬಹುವಚನಕ್ಕೆ ಏರಿಸಿ, ಅಭಿನಂದನಾ ಸಮಾರಂಭದಲ್ಲಿ ಮಾತಾಡುವವರಂತೆ ಹೊಗಳಿ:

“ಮಳೆನೀರು ಸಂಗ್ರಹಕ್ಕೆ ಇಷ್ಟು ನಿಷ್ಠೆಯಿಂದ ನಿಂತವರನ್ನು ಇದುವರೆಗೆ ಕಂಡಿರಲಿಲ್ಲ.”

ಈಗ ಅವನ ಪೇಚು ಸಾಧನೆಯಾಯಿತು. ಮೇಲಕ್ಕೆ ಎತ್ತಿ ಮಾಡುವ ತಮಾಷೆಯಲ್ಲಿ ಕೆಳಕ್ಕೆ ಬೀಳುವ ಭಯ ಕಡಿಮೆ. ಗುಂಪಿನಲ್ಲಿರುವ ಹೆಂಡತಿಯ ತಮ್ಮನೂ ಸಂಕೋಚವಿಲ್ಲದೆ ನಗಬಹುದು. ಆದರೆ ಒಂದು ಎಚ್ಚರ: ಅವನಿಗೆ ನಿಜವಾಗಿ ಬರದ ಕೆಲಸವನ್ನು ಹೀಗೆ ಹೊಗಳಿದರೆ ಅದು ವ್ಯಂಗ್ಯವಾಗುತ್ತದೆ. ಅಡುಗೆಯಲ್ಲಿ ಪದೇ ಪದೇ ಸೋಲುವವನು ಸೀದ ಪಾತ್ರೆಯ ಫೋಟೊ ಹಾಕಿದಾಗ “ಪಾಕಪ್ರವೀಣರು” ಎಂದರೆ ಹೂವಿನ ಜೊತೆ ಮುಳ್ಳೂ ಹೋಗುತ್ತದೆ. ಕೊಡೆ ಹಿಡಿಯುವುದು ಯಾರ ಹೆಮ್ಮೆಯ ವಿಷಯವೂ ಅಲ್ಲ, ಹಾಗಾಗಿ ಇಲ್ಲಿ ಅಪಾಯವಿಲ್ಲ.

ಈಗ ಚಪ್ಪಲಿ ಉಳಿದಿದೆ. ಎರಡನೆಯ ವಸ್ತುವನ್ನು ಮೊದಲನೆಯದರ ಕಥೆಯೊಳಕ್ಕೆ ಎಳೆದುಕೊಂಡರೆ ಸಾಲು ಪೂರ್ತಿಯಾಗುತ್ತದೆ. ಕೊಡೆ ನೀರು ತುಂಬುವ ಪಾತ್ರೆಯಾದರೆ ಚಪ್ಪಲಿ ಏನು? ಅಳೆಯುವ ಪಾವು.

“ಮಳೆನೀರು ಸಂಗ್ರಹಕ್ಕೆ ಇಷ್ಟು ನಿಷ್ಠೆಯಿಂದ ನಿಂತವರನ್ನು ಇದುವರೆಗೆ ಕಂಡಿರಲಿಲ್ಲ. ಕೈಯಲ್ಲಿ ಚಪ್ಪಲಿ ಏಕೆ, ಅಳತೆಗೋ?”

“ಅಳತೆಗೋ” ಎಂಬ ಮಾತು ಕೊನೆಯಲ್ಲೇ ಬರಬೇಕು. “ಅಳತೆಗೆಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದಿದ್ದೀರಾ?” ಎಂದು ಬರೆದು ನೋಡಿ. ಮಾತುಗಳು ಅವೇ, ನಗು ಮಾತ್ರ ಮಾಯ. ಕನ್ನಡದ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುತ್ತದೆ. ಅಚ್ಚರಿಯ ಪದ ಮೊದಲೇ ಬಂದುಬಿಟ್ಟರೆ ಅದರ ಹಿಂದೆ “ಹಿಡಿದಿದ್ದೀರಾ”, “ಮಾಡುತ್ತಿದ್ದೀಯಾ” ಎಂಬ ಬಾಲ ಎಳೆದುಕೊಂಡು ಬರುತ್ತದೆ. ಆ ಬಾಲವನ್ನು ಕತ್ತರಿಸಿ, ಅಚ್ಚರಿಯ ಪದವೇ ಓದುವವನ ಕಣ್ಣಿಗೆ ಕೊನೆಯದಾಗಿ ಸಿಗುವಂತೆ ಮಾಡಿ. ನನ್ನ ಬಳಿ ಬಂದ ಸಪ್ಪೆ ಸಾಲುಗಳಲ್ಲಿ ಹಲವು, ಪದಗಳನ್ನು ಹಿಂದೆಮುಂದೆ ಮಾಡಿದ ಮಾತ್ರಕ್ಕೆ ಚುರುಕಾಗಿವೆ.

ಹೊಗಳುವ ದಾರಿ ಹೊಂದದ ಫೋಟೊಗಳೂ ಇರುತ್ತವೆ. ಆಗ ವಸ್ತುವಿಗೇ ಬಾಯಿ ಕೊಡಬಹುದು: “ಆಕಾಶ ನೋಡಿ ಬಹಳ ದಿನವಾಗಿತ್ತು ಎಂದಿತಂತೆ ಕೊಡೆ.” ಈ “ಅಂತೆ” ಬಹಳ ಉಪಕಾರಿ. ಮಾತಿನ ಹೊಣೆಯನ್ನು ನಿಮ್ಮಿಂದ ಎತ್ತಿ ಕೊಡೆಯ ತಲೆಗೆ ಕಟ್ಟುತ್ತದೆ. ಗೆಳೆಯನ ಬಗ್ಗೆ ಒಂದು ಮಾತೂ ಆಡದೆ ಅವನ ಫೋಟೊಗೆ ಉತ್ತರ ಕೊಟ್ಟಂತಾಗುತ್ತದೆ. ಹೊಸದಾಗಿ ಪರಿಚಯವಾದವರ ಫೋಟೊಗೆ ನಾನು ಸೂಚಿಸುವುದು ಈ ದಾರಿಯನ್ನೇ.

ಉದ್ದದ ಬಗ್ಗೆ: ಎರಡು ಚಿಕ್ಕ ವಾಕ್ಯಗಳಿಗಿಂತ ಹೆಚ್ಚು ಬೇಡ. ಮೂರನೆಯ ವಾಕ್ಯ ಬರುವಷ್ಟರಲ್ಲಿ ಮೊದಲನೆಯದು ಆರಿಹೋಗಿರುತ್ತದೆ.

## ಹಂತ 5: ಕಳುಹಿಸುವ ಮುನ್ನ

ಸಾಲನ್ನು ಮುಖಗಂಟಿಕ್ಕಿಕೊಂಡು, ಬೇಸರದ ದನಿಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿ. ಹಾಗೆ ಓದಿದಾಗಲೂ ನೋಯಿಸದಿದ್ದರೆ ಕಳುಹಿಸಬಹುದು. ಬರೆಯುವಾಗ ನಿಮ್ಮ ತಲೆಯಲ್ಲಿ ನಗುವಿನ ದನಿ ಇರುತ್ತದೆ, ಪರದೆಯ ಮೇಲೆ ಅದು ಹೋಗುವುದಿಲ್ಲ. ಮನೋವಿಜ್ಞಾನಿ ಜಸ್ಟಿನ್ ಕ್ರೂಗರ್ ಮತ್ತು ಜೊತೆಯವರು ಇಮೇಲ್ ಕುರಿತು ನಡೆಸಿ 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಾವು ಬರೆದ ವ್ಯಂಗ್ಯ ಓದುವವರಿಗೆ ತಿಳಿಯುತ್ತದೆ ಎಂದು ಬರೆದವರು ನಂಬಿದ್ದಕ್ಕಿಂತ ಬಹಳ ಕಡಿಮೆ ಸಲ ಅದು ತಿಳಿದಿತ್ತು. ಮರುವರ್ಷ ಕ್ರೂಗರ್ ಕೀಟಲೆಯ ಬಗ್ಗೆಯೇ ಅಧ್ಯಯನ ಪ್ರಕಟಿಸಿದರು. ಕೀಟಲೆ ಮಾಡಿದವರಿಗೆ ತಮ್ಮ ಉದ್ದೇಶ ಗೊತ್ತಿರುವುದರಿಂದ ಮಾತು ಮೃದುವಾಗಿ ಕಂಡಿತ್ತು, ಕೇಳಿಸಿಕೊಂಡವರಿಗೆ ಮಾತಷ್ಟೇ ಸಿಕ್ಕಿತ್ತು.

ನಗುಮುಖದ ಇಮೋಜಿ ಈ ಕೊರತೆಯನ್ನು ಸ್ವಲ್ಪ ತುಂಬುತ್ತದೆ. ಒಂದು ಸಾಕು. ಆದರೆ ಇಮೋಜಿ ತೆಗೆದ ಕೂಡಲೇ ಸಾಲು ಒರಟಾಗಿ ಕಂಡರೆ ಆ ಸಾಲೇ ಒರಟು ಎಂದರ್ಥ. ಹಂತ 3ಕ್ಕೆ ಮರಳಿ.

ಫೋಟೊದ ಹಿನ್ನೆಲೆಯನ್ನೂ ಒಮ್ಮೆ ನೋಡಿ. ವಾಹನದ ಸಂಖ್ಯೆ, ಮನೆಯ ವಿಳಾಸ, ಮಕ್ಕಳ ಮುಖ ಕಾಣುತ್ತಿದ್ದರೆ ನಿಮ್ಮ ಉತ್ತರದಲ್ಲಿ ಅವುಗಳ ಮಾತು ಬರಬಾರದು. ಅವನಿಗೆ ಗಮನವಿಲ್ಲದೆ ಹಾಕಿರುವಂತೆ ಕಂಡರೆ ಖಾಸಗಿಯಾಗಿ ತಿಳಿಸಿ. ಫೋಟೊವನ್ನು ಸ್ಟಿಕರ್ ಮಾಡುವುದು, ಬೇರೆ ಗುಂಪಿಗೆ ರವಾನಿಸುವುದು, ನಿಮ್ಮ ಸ್ಟೇಟಸ್‌ಗೆ ಹಾಕುವುದು ಅವನನ್ನು ಕೇಳದೆ ಕೂಡದು. ಅವನು ಒಂಬತ್ತು ಜನರ ಮುಂದೆ ನಗಲು ಒಪ್ಪಿದ್ದಾನೆ, ಹತ್ತನೆಯವರ ಮುಂದೆ ಒಪ್ಪಿಲ್ಲ.

## ಹಂತ 6: ಕಳುಹಿಸಿದ ಮೇಲೆ ಗಮನಿಸಬೇಕಾದದ್ದು

ಸಾಲು ಗೆದ್ದಿದ್ದರೆ ಅವನು ಕಥೆಯನ್ನು ಮುಂದುವರಿಸುತ್ತಾನೆ. ನಮ್ಮ ಗೆಳೆಯ “ಇಂದಿನ ಸಂಗ್ರಹ ಒಂದೂವರೆ ಚಪ್ಪಲಿ” ಎಂದು ಬರೆದರೆ ಕೆಲಸ ಆಯಿತು. ಅಲ್ಲಿಗೆ ನಿಲ್ಲಿಸಿ. ಕೊನೆಯ ನಗು ಅವನದಾಗಿರಲಿ.

ಅಪಾಯದ ಗುರುತುಗಳು ಸಣ್ಣವು. ಅವನು ಸಮಜಾಯಿಷಿ ಕೊಡಲು ತೊಡಗುತ್ತಾನೆ: “ಗಾಳಿ ಬಹಳ ಜೋರಾಗಿತ್ತು, ಕೊಡೆಯೂ ಹಳೆಯದು.” ಸಮಜಾಯಿಷಿ ಬಂತೆಂದರೆ ಅವನಿಗೆ ಅದು ಆರೋಪದಂತೆ ಕೇಳಿಸಿದೆ. ಅಥವಾ ಬೇರೆಲ್ಲರಿಗೂ ಉತ್ತರಿಸಿ ನಿಮ್ಮ ಸಾಲನ್ನು ಮಾತ್ರ ಬಿಡುತ್ತಾನೆ. ಅಥವಾ ಫೋಟೊವನ್ನೇ ಅಳಿಸುತ್ತಾನೆ. ಬರಿಯ ನಗುಮುಖ ಕಳುಹಿಸಿದರೆ ಅದರಿಂದ ಏನೂ ತಿಳಿಯುವುದಿಲ್ಲ. ನೊಂದವರೂ ಗುಂಪಿನ ಮರ್ಯಾದೆಗೆ ಅದನ್ನೇ ಒತ್ತುತ್ತಾರೆ.

ಇನ್ನೊಂದು ಅಪಾಯ ನಿಮ್ಮ ಸಾಲಿನಿಂದ ಹುಟ್ಟುವುದಲ್ಲ, ಅದರ ಹಿಂದೆ ಬರುವುದು. ನೀವು ಕೊಡೆಯ ಬಗ್ಗೆ ಬರೆದಿರಿ, ಇನ್ನೊಬ್ಬರು ಚಪ್ಪಲಿಯ ಬಗ್ಗೆ, ಮೂರನೆಯವರು ಹೊಟ್ಟೆಗೆ ಇಳಿದರು. ಒಬ್ಬೊಬ್ಬರದೂ ಒಂದೇ ಮಾತು, ಅವನ ಪಾಲಿಗೆ ಮಾತ್ರ ಎಂಟು. ಮೂರನೆಯ ಸಂದೇಶ ಮೈಯ ಕಡೆ ತಿರುಗಿದ ಕೂಡಲೇ ಮಾತನ್ನು ನಿಮ್ಮ ಕಡೆ ಎಳೆದುಕೊಳ್ಳಿ. ನಿಮ್ಮದೇ ಒಂದು ಪೇಚಿನ ಫೋಟೊ ಹಾಕಿ, “ಇದಕ್ಕಿಂತ ಕೊಡೆಯೇ ವಾಸಿ” ಎಂದು ಬರೆದರೆ ಗುಂಪಿನ ಕಣ್ಣು ಅವನಿಂದ ಸರಿಯುತ್ತದೆ. ತಮಾಷೆ ಶುರುಮಾಡಿದವರು ಇಷ್ಟು ಮಾಡಲೇಬೇಕು ಎಂದು ನಾನು ನಂಬುತ್ತೇನೆ.

## ಹಂತ 7: ತಪ್ಪಿದರೆ

ಪದ ಮಾತ್ರ ತಪ್ಪಿದ್ದರೆ ವಾಟ್ಸ್ಯಾಪ್‌ನಲ್ಲಿ 15 ನಿಮಿಷದೊಳಗೆ ತಿದ್ದಬಹುದು, ತಿದ್ದಿದ್ದೆಂಬ ಗುರುತು ಎಲ್ಲರಿಗೂ ಕಾಣುತ್ತದೆ. ಮಾತೇ ತಪ್ಪಿದ್ದರೆ ಎಲ್ಲರಿಗೂ ಅಳಿಸುವ ಆಯ್ಕೆಯನ್ನು ಬಳಸಿ. ಅಲ್ಲೂ ಸಂದೇಶ ಅಳಿಸಲಾಗಿದೆ ಎಂಬ ಸಾಲು ಉಳಿಯುತ್ತದೆ. ಅದನ್ನು ಹಾಗೇ ಬಿಟ್ಟು ಸುಮ್ಮನಾದರೆ ಅವನು ಏನನ್ನೋ ಊಹಿಸಿಕೊಳ್ಳುತ್ತಾನೆ, ಬರೆದದ್ದಕ್ಕಿಂತ ಕೆಟ್ಟದ್ದನ್ನೇ.

ಹಾಗಾಗಿ ಅಳಿಸಿದ ಕೂಡಲೇ ಅವನೊಬ್ಬನಿಗೆ ಬರೆಯಿರಿ, ಇಲ್ಲವೇ ಕರೆ ಮಾಡಿ. “ತಮಾಷೆಗೆ ಹೇಳಿದ್ದು”, “ಇಷ್ಟಕ್ಕೆಲ್ಲ ಬೇಸರವೇ” ಎಂಬ ಮಾತುಗಳು ಬೇಡ. ಅವು ತಪ್ಪನ್ನು ಅವನ ಮೈಮೇಲೆ ಹಾಕುತ್ತವೆ. ಏನು ತಪ್ಪಾಯಿತೆಂದು ಹೆಸರಿಟ್ಟು ಹೇಳಿ: “ಗುಂಪಿನಲ್ಲಿ ನಿನ್ನ ಹೊಟ್ಟೆಯ ಬಗ್ಗೆ ಬರೆದದ್ದು ತಪ್ಪು. ಅಳಿಸಿದ್ದೇನೆ. ಕ್ಷಮಿಸು.” ಅವನು ಉತ್ತರಿಸಬೇಕೆಂದು ಒತ್ತಾಯಿಸಬೇಡಿ. ಎಲ್ಲರೆದುರು ಆಡಿದ ಮಾತು ನಿಜಕ್ಕೂ ದೊಡ್ಡದಾಗಿದ್ದರೆ ಗುಂಪಿನಲ್ಲೂ ಒಂದೇ ಸಾಲು ಬರೆಯಿರಿ: “ನನ್ನ ಮಾತು ಸರಿಯಿರಲಿಲ್ಲ, ಅಳಿಸಿದ್ದೇನೆ.” ಅಲ್ಲಿ ವಿವರ ಬೇಡ. ವಿವರಿಸಿದರೆ ಆ ಮಾತನ್ನು ಓದದವರೂ ಓದಿದಂತಾಗುತ್ತದೆ.

ಅವನು ಮುಂದಿನ ಸಲ ಫೋಟೊ ಹಾಕಿದಾಗ ಮೊದಲ ಉತ್ತರ ನಿಮ್ಮದಾಗದಿರಲಿ. ಇಬ್ಬರು ಮೂವರು ಬರೆಯಲಿ, ಅವನು ಅವರಿಗೆ ಮರುಮಾತು ಹೇಳಲಿ. ಆಮೇಲೆ ವಸ್ತುವಿಗೆ ಬಾಯಿ ಕೊಡುವ ಒಂದು ಸಾದಾ ಸಾಲಿನಿಂದ ಶುರುಮಾಡಿ, ಅವನು ಅದನ್ನು ಮುಂದುವರಿಸುತ್ತಾನೆಯೇ ನೋಡಿ.